2 ಇಂಚಿನ ಬ್ಲಾಕ್ ಹೀಲ್ ಚಪ್ಪಲಿ: ಸೀರೆಯ ಜೊತೆ 14 ತಿಂಗಳು

ಕಾಲೇಜಿನಲ್ಲಿ ಪಾಠ ಮಾಡುವ ನಾನು ವಾರಕ್ಕೆ 5 ದಿನ ಸೀರೆ ಉಡುತ್ತೇನೆ. ಬಸ್ಸು ಹತ್ತಿ ಇಳಿದು, ಮೂರನೆಯ ಮಹಡಿಗೆ ಮೆಟ್ಟಿಲೇರಿ, ದಿನಕ್ಕೆ ನಾಲ್ಕು ಗಂಟೆ ನಿಂತಿರಬೇಕಾದ ಕೆಲಸ ನನ್ನದು. ಈ ಚಪ್ಪಲಿಗೆ ಹಿಂದೆ 2 ಇಂಚು ಎತ್ತರವಿದ್ದರೂ ಮುಂದಿನ ಅಟ್ಟೆಯೇ ಅರ್ಧ ಇಂಚು ದಪ್ಪವಿರುವುದರಿಂದ ಪಾದಕ್ಕೆ ಬೀಳುವ ಇಳಿಜಾರು ಒಂದೂವರೆ ಇಂಚು ಮಾತ್ರ. ಸಂಜೆಯ ಹೊತ್ತಿಗೆ ಮುಂಗಾಲು ನೋಯದಿರುವುದಕ್ಕೆ ಇದೇ ಕಾರಣವೆಂದು ನನಗನ್ನಿಸುತ್ತದೆ.

ಇದಕ್ಕೂ ಮೊದಲು 3 ಇಂಚಿನ ಪೆನ್ಸಿಲ್ ಹೀಲ್ ಹಾಕುತ್ತಿದ್ದೆ. ಮೆಟ್ಟಿಲು ಇಳಿಯುವಾಗ ಸೀರೆಯ ಹಿಂದಿನ ಅಂಚು ಮೇಲಿನ ಮೆಟ್ಟಿಲ ಮೇಲೆ ಹರಡಿಕೊಂಡಿರುತ್ತದೆ. ಒಮ್ಮೆ ಆ ಮೆಟ್ಟಿಲಲ್ಲೇ ಇದ್ದ ಹಿಂದಿನ ಕಾಲಿನ ಹೀಲ್ ಫಾಲ್‌ನ ಹೊಲಿಗೆಯೊಳಗೆ ತೂರಿ, ಗೇಣುದ್ದ ಕಿತ್ತುಬಂತು. ಕಂಬಿ ಕೈಗೆ ಸಿಕ್ಕಿದ್ದರಿಂದ ಬೀಳಲಿಲ್ಲ. ಬ್ಲಾಕ್ ಹೀಲಿನ ಅಗಲವಾದ ತಳವೂ ಅಂಚನ್ನು ಆಗೀಗ ತುಳಿಯುತ್ತದೆ, ಆದರೆ ಹೊಲಿಗೆಯೊಳಗೆ ಹೊಗುವುದಿಲ್ಲ.

ಎತ್ತರಕ್ಕಿಂತ ಹೆಚ್ಚಾಗಿ ಕಾಡಿದ್ದು ಸೀರೆಯ ಉದ್ದ. ಮೊದಲೆಲ್ಲ ಬರಿಗಾಲಲ್ಲಿ ಉಟ್ಟು ಆಮೇಲೆ ಚಪ್ಪಲಿ ಮೆಟ್ಟುತ್ತಿದ್ದೆ. ಸೀರೆ ಮೇಲೇರಿ ಪಾದದ ಗಂಟು ಕಾಣುತ್ತಿತ್ತು. ಈಗ ಚಪ್ಪಲಿ ಹಾಕಿಕೊಂಡೇ ಒಳಲಂಗದ ಲಾಡಿ ಬಿಗಿದು, ಅಂಚು ನೆಲದಿಂದ ಅರ್ಧ ಇಂಚು ಮೇಲಿರುವಂತೆ ನೆರಿಗೆ ಸಿಕ್ಕಿಸುತ್ತೇನೆ. ಲಂಗ ಸೀರೆಗಿಂತ ಒಂದು ಇಂಚು ಗಿಡ್ಡವಿರಬೇಕು, ಇಲ್ಲದಿದ್ದರೆ ಅದರ ಲೇಸು ಬಕಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಗಂಜಿ ಹಾಕಿದ ಹತ್ತಿ ಸೀರೆಯ ನೆರಿಗೆ ಪಾದದಿಂದ ದೂರ ನಿಲ್ಲುವುದರಿಂದ ಅರ್ಧ ಇಂಚು ಸಾಕು. ಮೈಸೂರು ಸಿಲ್ಕಿನಂತಹ ಜಾರುವ ಸೀರೆ ಸಂಜೆಗೆ ತುಸು ಕೆಳಗಿಳಿಯುತ್ತದೆಂದು ಬೆಳಿಗ್ಗೆಯೇ ಮುಕ್ಕಾಲು ಇಂಚು ಬಿಡುತ್ತೇನೆ. ಉದ್ದ ಸರಿಯಾಗಿದೆಯೇ ಎಂದು ತಿಳಿಯಲು ಕನ್ನಡಿಗಿಂತ ಫಾಲ್ ವಾಸಿ: ಹಿಂಬದಿಯ ಅಂಚು ಮಾತ್ರ ಕಪ್ಪಾಗುತ್ತಿದ್ದರೆ ಹಿಂದೆ ಇಳಿದಿದೆಯೆಂದೂ, ನೆರಿಗೆಯ ತುದಿ ನವೆದಿದ್ದರೆ ಮೆಟ್ಟಿಲೇರುವಾಗ ಮುಂಗಾಲು ಅದನ್ನು ತುಳಿಯುತ್ತಿದೆಯೆಂದೂ ಅರ್ಥ.

ಹೀಗೆ ಒಂದೇ ಎತ್ತರಕ್ಕೆ ಉಟ್ಟ ಮೇಲೆ ಚಪ್ಪಲಿ ಬಿಡುವ ಕಡೆ ತೊಂದರೆ ತಪ್ಪಿದ್ದಲ್ಲ. ನಮ್ಮ ಕಂಪ್ಯೂಟರ್ ಲ್ಯಾಬಿನಲ್ಲಿ ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕು. ಅಲ್ಲಿ ಸೀರೆ ನೆಲ ಗುಡಿಸುತ್ತದೆ. ಲ್ಯಾಬ್ ಇರುವ ದಿನ ಚಪ್ಪಟೆ ಚಪ್ಪಲಿಗೇ ತಕ್ಕಂತೆ ಉಡುತ್ತೇನೆ.

ದೂರುಗಳೂ ಇವೆ. 8ನೆಯ ತಿಂಗಳಿಗೆ ಹೀಲಿನ ಕೆಳಗಿನ ರಬ್ಬರು ಹೊರಬದಿಯಲ್ಲಿ ಸವೆದು, ನಯವಾದ ಗ್ರಾನೈಟ್ ನೆಲದಲ್ಲಿ ಹೆಜ್ಜೆ ಹೊರಕ್ಕೆ ವಾಲತೊಡಗಿತು. ಬಸ್‌ಸ್ಟ್ಯಾಂಡಿನ ಪಕ್ಕದಲ್ಲಿ ಚಪ್ಪಲಿ ರಿಪೇರಿ ಮಾಡುವವರು 80 ರೂಪಾಯಿಗೆ ಎರಡಕ್ಕೂ ಹೊಸ ರಬ್ಬರು ಹಾಕಿಕೊಟ್ಟರು. ಹಿಂಬದಿಯ ಬಾರಿನ ಎಲಾಸ್ಟಿಕ್ ಈಗ ಸಡಿಲವಾಗಿದೆ, ಮಳೆಗಾಲದಲ್ಲಿ ಒಳಅಟ್ಟೆಯ ಅಂಟು ಒಮ್ಮೆ ಬಿಟ್ಟಿತ್ತು. ಮುಂದಿನ ಜೋಡಿಯನ್ನು ಇದೇ ಎತ್ತರದಲ್ಲಿ, ಬಕಲ್ಲಿನ ಬದಲು ವೆಲ್ಕ್ರೋ ಪಟ್ಟಿ ಇರುವುದನ್ನು ನೋಡಿ ಕೊಳ್ಳುತ್ತೇನೆ.