ಕರಿಯರ್ ಕೋಚ್: ಕೆಲಸ ಸಿಗದವರ ಲೆಕ್ಕವನ್ನೂ ಪ್ರೊಫೈಲ್‌ನಲ್ಲಿ ಹಾಕಿದವರು

ನಾನು ಮಡಿಕೇರಿ ಹತ್ತಿರದ ರೆಸಾರ್ಟೊಂದರ ಫ್ರಂಟ್ ಆಫೀಸ್‌ನಲ್ಲಿದ್ದೇನೆ. ಮೈಸೂರಿನಲ್ಲೋ ಬೆಂಗಳೂರಿನಲ್ಲೋ ರಿಸರ್ವೇಶನ್ ಕೆಲಸ ಬೇಕಿತ್ತು. ಈ ಕೋಚ್ ಹತ್ತಿರ ಹೋಗಿದ್ದು ಅವರ ಪ್ರೊಫೈಲ್‌ನ ನಾಲ್ಕು ಸಾಲು ನೋಡಿ: "ಕಳೆದ ವರ್ಷ ಬಂದವರು 22. ಹೊಸ ಕೆಲಸ ಸಿಕ್ಕವರು 9. ಇದ್ದಲ್ಲೇ ಸಂಬಳವೋ ಹುದ್ದೆಯೋ ಏರಿದವರು 5. ಇನ್ನೂ ಹುಡುಕುತ್ತಿರುವವರು 4, ನಡುವೆ ಬಿಟ್ಟವರು 4."

ಅದಕ್ಕೂ ಮೊದಲು ನೋಡಿದ್ದ ಒಂದು ಕಡೆ "ಶೇ. 95 ಯಶಸ್ಸು" ಅಂತಿತ್ತು. ಯಾರಲ್ಲಿ ಅಂತ ಕೇಳಿದರೆ, ಕೋರ್ಸ್ ಮುಗಿಸಿದವರಲ್ಲಂತೆ. ಬಿಟ್ಟುಹೋದವರು ಲೆಕ್ಕಕ್ಕೇ ಇಲ್ಲ. ಇಂಟರ್‌ವ್ಯೂಗೆ ಕರೆ ಬಂದರೂ ಯಶಸ್ಸೇ ಅಂತೆ!

ಇವರ ವಿಧಾನದಲ್ಲಿ ಮಂತ್ರತಂತ್ರ ಏನೂ ಇಲ್ಲ. ಒಂದು ಶೀಟ್ ಕೊಡುತ್ತಾರೆ. ಯಾವತ್ತು, ಎಲ್ಲಿಗೆ ಅರ್ಜಿ ಹಾಕಿದೆ, ಎಲ್ಲಿಗೆ ಬಂದು ನಿಂತಿತು, ಅಷ್ಟೇ ಬರೆಯಬೇಕು. ಸಂಜೆ ಚೆಕ್‌ಇನ್ ಗದ್ದಲ ಮುಗಿದ ಮೇಲೆ ಒಂದು ಲೋಟ ಕಾಫಿ ಹಿಡಿದು ಗೇಟಿನ ಹತ್ತಿರ ಹೋಗಿ ತುಂಬಿಸುತ್ತಿದ್ದೆ. ನಮ್ಮಲ್ಲಿ ನೆಟ್‌ವರ್ಕ್ ಸಿಗೋದು ಅಲ್ಲೇ. ಕರೆಯೇ ಬರದಿದ್ದರೆ ರೆಸ್ಯೂಮೆಯನ್ನೋ ಹುಡುಕುವ ಹುದ್ದೆಯನ್ನೋ ಮೊದಲು ನೋಡುತ್ತಾರೆ. ಮೊದಲ ಸುತ್ತಿನಲ್ಲೇ ನಿಂತರೆ ಮಾತಿನ ತಯಾರಿ. ಕೊನೆಯ ಸುತ್ತಿನಲ್ಲಿ ನಿಂತರೆ ಸಂಬಳದ ನಿರೀಕ್ಷೆ, ಪೈಪೋಟಿ.

ನನಗೆ ಕರೆಗಳೇ ಬರುತ್ತಿರಲಿಲ್ಲ. ರೆಸ್ಯೂಮೆಯಲ್ಲಿ "ಬುಕಿಂಗ್ ನೋಡಿಕೊಳ್ಳುತ್ತೇನೆ" ಅಂತ ಇತ್ತು. ಎಷ್ಟು ರೂಮು, ಸೀಸನ್‌ನಲ್ಲಿ ರದ್ದಾದ ರೂಮನ್ನು ಮತ್ತೆ ಹೇಗೆ ಮಾರುತ್ತೀರಿ, ಯಾವ ಸಾಫ್ಟ್‌ವೇರ್ ಅಂತ ಕೇಳಿ ಕೇಳಿ ಆ ಒಂದು ಸಾಲನ್ನು ಮೂರು ಸಾಲು ಮಾಡಿಸಿದರು. ಆಮೇಲೆ ಕರೆಗಳು ಶುರುವಾದವು.

ಬೇಜಾರಾಗಿದ್ದು ಮಳೆಗಾಲದಲ್ಲಿ. ಮೊದಲ ಸುತ್ತು ದಾಟುತ್ತಿದ್ದೆ, ಮುಂದೆ ಏನೂ ಇಲ್ಲ. ಆ 9 ಜನ ಯಾರು ಅಂತ ಕೇಳಿಯೇಬಿಟ್ಟೆ. 7 ಮಂದಿ ಮೊದಲೇ ಬೆಂಗಳೂರಿನಲ್ಲಿದ್ದ ಐಟಿಯವರು! ಸಂಖ್ಯೆ ಸುಳ್ಳಲ್ಲ. ಆದರೆ ಊರು ಬಿಟ್ಟು ಹೋಗಬೇಕಾದ ಹೋಟೆಲ್‌ನವಳಿಗೆ ಅದರಿಂದ ಏನು ತಿಳಿಯುತ್ತೆ? ಹಾಗೇ ಹೇಳಿದೆ. ಅವರು ಸಮಜಾಯಿಷಿ ಕೊಡಲಿಲ್ಲ. ಆ ವಾರವೇ ಪ್ರೊಫೈಲ್‌ನಲ್ಲಿ ಕ್ಷೇತ್ರ, ಊರು ಎರಡನ್ನೂ ಸೇರಿಸಿದರು. "ಹೋಟೆಲ್ ಕ್ಷೇತ್ರದ ಅನುಭವ ಕಡಿಮೆ" ಅಂತಲೂ ಬರೆದರು. ಅಲ್ಲಿಗೆ ನನ್ನ ಸಿಟ್ಟು ಅರ್ಧ ಇಳಿಯಿತು.

ಮೈಸೂರು ಇನ್ನೂ ಆಗಿಲ್ಲ. ಅದೇ ಶೀಟ್, ಅದೇ ರೆಸ್ಯೂಮೆ ತೋರಿಸಿ ಇದ್ದಲ್ಲೇ ರಿಸರ್ವೇಶನ್ ವಿಭಾಗಕ್ಕೆ ಹೋದೆ, ಸಂಬಳವೂ ಸ್ವಲ್ಪ ಏರಿತು. ಮುಂದಿನ ಪಟ್ಟಿಯಲ್ಲಿ ನಾನು "ಇದ್ದಲ್ಲೇ ಏರಿದವರು" ಸಾಲಿಗೆ ಸೇರುತ್ತೇನೆ, ಹೊಸ ಕೆಲಸದ ಸಾಲಿಗಲ್ಲ. ಕೇಳಿ ಖಚಿತ ಮಾಡಿಕೊಂಡಿದ್ದೇನೆ.

ಐದಕ್ಕೆ ನಾಲ್ಕು ಸ್ಟಾರ್. ಪ್ಯಾಕೇಜ್ ದುಡ್ಡು ಒಟ್ಟಿಗೆ ಕಟ್ಟಬೇಡಿ, ಸೆಷನ್ ಲೆಕ್ಕದಲ್ಲೂ ತಗೊಳ್ತಾರೆ. ಜೂನ್, ಜುಲೈನಲ್ಲಿ ನಮ್ಮ ಕಡೆಯವರು ವಿಡಿಯೋ ಬದಲು ಫೋನ್ ಕರೆ ಕೇಳಿ, ಒಪ್ಪುತ್ತಾರೆ.