ಹಳೆ ರಜೆಯ ದಿನಾಂಕವೇ ಇನ್ನೂ ಹೋಗ್ತಾ ಇತ್ತು: ಔಟ್‌ಲುಕ್‌ನಲ್ಲಿ ಲಾಂಗ್ ಲೀವ್ ರಿಪ್ಲೈ ಹಾಕುವವರು ಓದಿ

ಲಾಂಗ್ ಲೀವ್ ಹಾಕಿ ಊರಿಗೆ ಹೊರಟಿರುವವರು ಇದನ್ನೊಮ್ಮೆ ಓದಿ ಹೋಗಿ.

ನಾನು ಒಂದು ಸಣ್ಣ ಕಂಪನಿಯ ಅಕೌಂಟ್ಸ್‌ನಲ್ಲಿದ್ದೇನೆ. 26 ವಾರದ ಹೆರಿಗೆ ರಜೆ, 2024ರ ಡಿಸೆಂಬರ್ 2ರಿಂದ. ಹೊರಡುವ ಮೊದಲು ಔಟ್‌ಲುಕ್‌ನಲ್ಲಿ ಆಟೋ ರಿಪ್ಲೈ ಹಾಕಿದೆ: ಜೂನ್ 2ಕ್ಕೆ ವಾಪಸ್, ಅಲ್ಲಿಯವರೆಗೆ ಇಂಥವರನ್ನು ಕೇಳಿ ಅಂತ. ಪಕ್ಕದ ಸೀಟಿನವರಿಗೆ ಒಂದು ಮೇಲ್ ಕಳಿಸಿ ನೋಡಿ ಅಂದೆ, ಸರಿಯಾಗೇ ಬಂತು. ಖುಷಿಯಾಗಿ ತವರಿಗೆ ಹೋದೆ.

ಆ ಪರೀಕ್ಷೆಯೇ ನನಗೆ ಕೈಕೊಟ್ಟದ್ದು. ಔಟ್‌ಲುಕ್‌ನಲ್ಲಿ ರಿಪ್ಲೈಗೆ ಎರಡು ಡಬ್ಬಿ ಇವೆ, Inside My Organization ಒಂದು, Outside My Organization ಇನ್ನೊಂದು. ನಾನು ಬರೆದದ್ದು ಮೊದಲನೆಯದರಲ್ಲಿ ಮಾತ್ರ. ಎರಡನೆಯದರಲ್ಲಿ ದಸರಾ ರಜೆಗೆ ಬರೆದದ್ದೇ ಕೂತಿತ್ತು: ‘ಅಕ್ಟೋಬರ್ 14ಕ್ಕೆ ಬರುತ್ತೇನೆ’, ಜೊತೆಗೆ ನವೆಂಬರ್‌ನಲ್ಲಿ ಕೆಲಸ ಬಿಟ್ಟ ಸಹೋದ್ಯೋಗಿಯ ಹೆಸರು. ಆಫೀಸಿನೊಳಗಿನಿಂದ ಎಷ್ಟು ಸಲ ಪರೀಕ್ಷಿಸಿದರೂ ಇದು ಕಾಣಿಸೋದಿಲ್ಲ.

ಜನವರಿ 16ಕ್ಕೆ ಒಬ್ಬ ಗ್ರಾಹಕರು ಬರೆದರು. ಡಿಸೆಂಬರ್ ಬಿಲ್‌ನಲ್ಲಿ ಅವರ ಜಿಎಸ್‌ಟಿ ನಂಬರ್ ತಪ್ಪಾಗಿದೆ, ಹಾಗಾಗಿ ಅವರ ಖರೀದಿ ಬಿಲ್‌ಗಳನ್ನು ತೋರಿಸುವ ಜಿಎಸ್‌ಟಿ ಪಟ್ಟಿ 2ಬಿಯಲ್ಲಿ ನಮ್ಮ ಬಿಲ್ ಕಾಣಿಸ್ತಿಲ್ಲ, ಅಂದರೆ ಆ ಬಿಲ್‌ನ ತೆರಿಗೆಗೆ ಅವರಿಗೆ ಕ್ರೆಡಿಟ್ ಸಿಗೋದಿಲ್ಲ. ಅವರಿಗೆ ಸಿಕ್ಕಿದ್ದು ಕಳೆದ ಅಕ್ಟೋಬರ್‌ನ ಉತ್ತರ. ಪಾಪ, ಅದರಲ್ಲಿದ್ದ ಹೆಸರಿಗೂ ಎರಡು ಸಲ ಬರೆದಿದ್ದಾರೆ. ಆ ಮೇಲ್‌ಬಾಕ್ಸನ್ನು ಮುಚ್ಚಿಯೇ ಇರಲಿಲ್ಲ, ನೋಡುವವರೂ ಇರಲಿಲ್ಲ. ಮೇಲ್ ಬೌನ್ಸ್ ಆಗಿದ್ದರೆ ಕನಿಷ್ಠ ಅವರಿಗೆ ಗೊತ್ತಾಗ್ತಿತ್ತು ಅಲ್ವಾ?

ಎರಡು ಲಕ್ಷದ ಬಿಲ್, 18% ಅಂದರೆ 36,000 ತೆರಿಗೆ. ಅಷ್ಟನ್ನು ಅವರು ತಡೆಹಿಡಿದರು. ಫೆಬ್ರವರಿ 20ಕ್ಕೆ, ಮಗುವಿಗೆ ಎಣ್ಣೆ ಹಚ್ಚುತ್ತಿದ್ದಾಗ, ನಮ್ಮ ಮ್ಯಾನೇಜರ್ ಫೋನ್ ಮಾಡಿ ‘ಏನಮ್ಮಾ ಇದು, ಅಕ್ಟೋಬರ್‌ಗೆ ಬರ್ತೀನಿ ಅಂತ ಬರೆದಿದ್ದೀಯಾ?’ ಅಂದರು. ಬಿಲ್ ತಿದ್ದುಪಡಿ ನಮ್ಮ ಫೆಬ್ರವರಿಯ ಮಾರಾಟದ ರಿಟರ್ನ್ ಜಿಎಸ್‌ಟಿಆರ್-1ರಲ್ಲಿ ಹೋಯಿತು, ಹಣ ಬಂದದ್ದು ಮಾರ್ಚ್ ಕೊನೆಗೆ.

ಫೋನ್ ಬಂದ ದಿನವೇ ರಿಪ್ಲೈ ಆಫ್ ಮಾಡಿ, ಎರಡೂ ಡಬ್ಬಿಯಲ್ಲಿ ಹೊಸದು ಬರೆದು ಮತ್ತೆ ಆನ್ ಮಾಡಿದೆ. ಔಟ್‌ಲುಕ್ ಒಬ್ಬರಿಗೆ ಒಂದೇ ಸಲ ಉತ್ತರ ಕಳಿಸುತ್ತೆ, ಆಫ್ ಮಾಡಿ ಆನ್ ಮಾಡಿದರೆ ಮಾತ್ರ ಹಳಬರು ಮತ್ತೆ ಬರೆದಾಗ ಹೊಸದು ಸಿಗುತ್ತೆ. ಆಮೇಲೆ ನನ್ನ ಸ್ವಂತ ಜಿಮೇಲ್‌ನಿಂದ ಒಂದು ಮೇಲ್ ಕಳಿಸಿ ನೋಡಿದೆ, ಡಿಸೆಂಬರ್‌ನಲ್ಲೇ ಮಾಡಬೇಕಿತ್ತು.

ಹೆಸರಿನ ಬಗ್ಗೆ ಇನ್ನೊಂದು ಮಾತು. ಆರು ತಿಂಗಳಲ್ಲಿ ಯಾರು ಬೇಕಾದರೂ ಕೆಲಸ ಬಿಡಬಹುದು. ನನ್ನ ಹೊಸ ರಿಪ್ಲೈನಲ್ಲಿ ಹೀಗಿತ್ತು: ‘ಜೂನ್ 2, ಸೋಮವಾರ ಕೆಲಸಕ್ಕೆ ಮರಳುತ್ತೇನೆ. ಬಿಲ್ ತಿದ್ದುಪಡಿಗೆ ಇಂಥವರಿಗೆ ಬರೆಯಿರಿ, ಅಕೌಂಟ್ಸ್ ವಿಭಾಗದ ಸಾಮಾನ್ಯ ಮೇಲ್‌ಗೂ ಒಂದು ಕಾಪಿ ಹಾಕಿ.’ ಆ ಸಾಮಾನ್ಯ ಮೇಲನ್ನು ಮೂವರು ನೋಡುತ್ತಾರೆ. ಯಾಕೆ ರಜೆ ಅಂತ ಮಾತ್ರ ಬರೆದಿರಲಿಲ್ಲ, ಹೊರಗಿನವರಿಗೆ ಅದು ಯಾಕೆ?