"ರ‍್ಯಾಮ್ ಆಮೇಲೆ ಹಾಕಿಸ್ಕೊಳ್ಳಿ" ಅಂದರೆ ನಂಬಬೇಡಿ

ಇದನ್ನು ಬರೆಯೋಕೆ ನಾಚಿಕೆ ಆಗುತ್ತದೆ. ಹದಿನಾಲ್ಕು ವರ್ಷದಿಂದ ಪ್ರೋಗ್ರಾಮಿಂಗ್ ಮಾಡುತ್ತಿದ್ದೇನೆ, ಕಂಪ್ಯೂಟರ್ ತೆಗೆದುಕೊಳ್ಳುವ ಗೆಳೆಯರು ನನ್ನನ್ನೇ ಕೇಳುತ್ತಾರೆ. ಅಂಥ ನಾನೇ ಮೋಸ ಹೋದೆ. ವಿಎಂ ಓಡಿಸೋಕೆ ಮಷೀನ್ ಮಾಡಿಸುವ ಯೋಚನೆ ಇದ್ದರೆ ದಯವಿಟ್ಟು ಪೂರ್ತಿ ಓದಿ.

ನನಗೆ ಬೇಕಾಗಿದ್ದು ಏನು ಅಂತ ಮೊದಲೇ ಲೆಕ್ಕ ಹಾಕಿಕೊಂಡು ಹೋಗಿದ್ದೆ. ದಿನವಿಡೀ ಐದು ವಿಎಂ ಓಡುತ್ತವೆ. ಮೂರು ಕುಬರ್ನೆಟಿಸ್ ನೋಡ್, ತಲಾ 8 ಜಿಬಿ. ಡೇಟಾಬೇಸ್‌ಗೆ ಒಂದು, 12 ಜಿಬಿ. ವಿಂಡೋಸ್‌ನಲ್ಲಿ ಟೆಸ್ಟ್ ಮಾಡೋಕೆ ಇನ್ನೊಂದು, 8 ಜಿಬಿ. ಅಲ್ಲಿಗೆ 44 ಜಿಬಿ ಆಯಿತು. ಎಡಿಟರ್, ಬ್ರೌಸರ್, ಉಳಿದ ಸಣ್ಣಪುಟ್ಟದ್ದೆಲ್ಲ ಸೇರಿ 12. ಇದರ ಮೇಲೆ ದೊಡ್ಡದೊಂದು ಸಿ++ ಪ್ರಾಜೆಕ್ಟ್ ಬಿಲ್ಡ್ ಆಗಬೇಕು. ಅದಕ್ಕೇ ಮೆಸೇಜ್‌ನಲ್ಲಿ ಬರೆದು ಕಳಿಸಿದ್ದೆ: 12 ಕೋರ್ ಪ್ರೊಸೆಸರ್, 48 ಜಿಬಿಯ ಎರಡು ಸ್ಟಿಕ್, ಎರಡು ಎಸ್‌ಎಸ್‌ಡಿ. ಒಂದು ಸಿಸ್ಟಮ್‌ಗೆ, ಒಂದು ವಿಎಂಗಳಿಗೇ ಮೀಸಲು.

ಜೋಡಿಸಿ ಕೊಡುವವರು ಓದಿದರು, ನಕ್ಕರು. "ಸರ್, ವಿಎಂ ಅಂದರೆ ಕೋರ್. ಕೋರ್‌ನಲ್ಲಿ ಉಳಿಸೋಕೆ ಹೋಗಬೇಡಿ. 16 ಕೋರ್ ಹಾಕೋಣ. ರ‍್ಯಾಮ್ ಈಗ 64 ಸಾಕು, ಆಮೇಲೆ ಯಾವಾಗ ಬೇಕಾದರೂ ಹಾಕಿಸ್ಕೊಳ್ಳಿ. ಪ್ರೊಸೆಸರ್ ಬದಲಾಯಿಸೋಕಾಗಲ್ಲ, ರ‍್ಯಾಮ್ ಸೇರಿಸಬಹುದು ಅಲ್ವಾ?"

ಮಾತು ಸರಿ ಅನ್ನಿಸಿತು. ಅದೇ ನಾನು ಮಾಡಿದ ತಪ್ಪು. ಎರಡು ಎಸ್‌ಎಸ್‌ಡಿ ಬದಲು ದೊಡ್ಡದು ಒಂದೇ ಸಾಕು ಅಂದರು, 2 ಟಿಬಿ. ಅದಕ್ಕೂ ಹೂಂ ಅಂದೆ. ಬಿಲ್‌ನಲ್ಲಿ "ಡಿಡಿಆರ್5 64 ಜಿಬಿ", "ಎನ್‌ವಿಎಂಇ 2 ಟಿಬಿ" ಅಂತಷ್ಟೇ ಇತ್ತು. ಮಾಡೆಲ್ ನಂಬರ್ ಇಲ್ಲ, ಎಷ್ಟು ಸ್ಟಿಕ್ ಅಂತ ಇಲ್ಲ. ತಂದ ದಿನ ಒಂದು ಬೆಂಚ್‌ಮಾರ್ಕ್ ಓಡಿಸಿ ತೋರಿಸಿದರು, ಸ್ಕೋರ್ ಭರ್ಜರಿಯಾಗಿತ್ತು. ಅದು ಬರೀ ಪ್ರೊಸೆಸರ್ ಅಳೆಯುವ ಬೆಂಚ್‌ಮಾರ್ಕ್ ಅಂತ ಆ ಖುಷಿಯಲ್ಲಿ ತಲೆಗೇ ಹೋಗಲಿಲ್ಲ.

ಎರಡನೇ ವಾರ `make -j32` ಕೊಟ್ಟು ಕಾಫಿಗೆ ಎದ್ದು ಹೋದೆ. ವಾಪಸ್ ಬಂದರೆ ಡೇಟಾಬೇಸ್ ವಿಎಂ ಇಲ್ಲ. ಹ್ಯಾಂಗ್ ಆಗಿರಲಿಲ್ಲ, ಪೂರ್ತಿ ಮಾಯ. `dmesg` ನೋಡಿದರೆ ಈ ಸಾಲು:

```
Out of memory: Killed process 48213 (qemu-system-x86)
```

ಮೆಮೊರಿ ಪೂರ್ತಿ ಮುಗಿದಾಗ ಕರ್ನಲ್ ಸಾಮಾನ್ಯವಾಗಿ ಜಾಸ್ತಿ ಮೆಮೊರಿ ಹಿಡಿದಿರುವ ಪ್ರೋಸೆಸ್ ಅನ್ನು ಕೊಲ್ಲುತ್ತದೆ. ನನ್ನಲ್ಲಿ ಅದು 12 ಜಿಬಿಯ ಡೇಟಾಬೇಸ್ ವಿಎಂ. ಲೆಕ್ಕ ನೋಡಿ. 64ರಲ್ಲಿ 44 ಮತ್ತು 12 ಕಳೆದರೆ ಉಳಿದದ್ದು 8 ಜಿಬಿ. 16 ಕೋರ್ ಅಂದರೆ 32 ಥ್ರೆಡ್, 32 ಕಂಪೈಲರ್ ಒಟ್ಟಿಗೆ ಓಡುತ್ತವೆ. ನನ್ನ ಪ್ರಾಜೆಕ್ಟ್‌ನಲ್ಲಿ ಒಂದೊಂದೂ 1 ಜಿಬಿ ದಾಟುತ್ತದೆ. 32 ಜಿಬಿಗಿಂತ ಜಾಸ್ತಿ ಬೇಕು, ಇರೋದು 8! ಕೊನೆಗೆ `-j8`ಕ್ಕೆ ಇಳಿಸಿದೆ. ಜಾಸ್ತಿ ದುಡ್ಡು ಕೊಟ್ಟು ಕೊಂಡ ಕೋರ್‌ಗಳು ಸುಮ್ನೆ ಕೂತವು. ಕೋರ್ ಜಾಸ್ತಿ ಆದಷ್ಟೂ ಮೆಮೊರಿಯೂ ಜಾಸ್ತಿ ಬೇಕು, ಇದನ್ನು ಅವರು ಹೇಳಲಿಲ್ಲ.

ಇನ್ನೊಂದು ವಿಷಯ. ವಿಎಂಗಳ ಮಧ್ಯೆ ಕೋರ್ ಹಂಚಿಕೊಳ್ಳಬಹುದು. ಐದು ವಿಎಂಗೆ ತಲಾ 4 ಕೋರ್ ಕೊಟ್ಟರೂ ಐದೂ ಒಂದೇ ಕ್ಷಣ ಪೂರ್ತಿ ದುಡಿಯೋದು ಅಪರೂಪ. ಮೆಮೊರಿ ಹಾಗಲ್ಲ. ವಿಎಂ ಸುಮ್ಮನೆ ಕೂತಿದ್ದರೂ ಒಮ್ಮೆ ಹಿಡಿದ ಮೆಮೊರಿಯನ್ನು ಸಾಮಾನ್ಯವಾಗಿ ಬಿಡುವುದಿಲ್ಲ. ಬಲೂನಿಂಗ್ ಹಾಕಿ ಸ್ವಲ್ಪ ಹಿಂದಕ್ಕೆ ಪಡೆಯಬಹುದು, ನಾನೂ ಪ್ರಯತ್ನಿಸಿದೆ, ಡೇಟಾಬೇಸ್ ತೆವಳಲು ಶುರುಮಾಡಿತು. ಹಾಗಾಗಿ "ವಿಎಂ ಅಂದರೆ ಕೋರ್" ಅನ್ನೋದು ನನ್ನಂಥ ಕೆಲಸಕ್ಕೆ ತಲೆಕೆಳಗಾದ ಮಾತು.

ಸರಿ, ರ‍್ಯಾಮ್ ಸೇರಿಸಿದರಾಯಿತು, ಅವರೇ ಹೇಳಿದ್ದರಲ್ಲ. ಎರಡು ಸ್ಟಿಕ್ ಇರುತ್ತೆ, ಎರಡು ಸ್ಲಾಟ್ ಖಾಲಿ ಇರುತ್ತೆ ಅಂದುಕೊಂಡು ಒಂದು ಭಾನುವಾರ ಪಕ್ಕದ ತಗಡಿನ ಮುಚ್ಚಳ ಬಿಚ್ಚಿದೆ. ಕೂಲರ್ ದೊಡ್ಡದು, ಸ್ಲಾಟ್‌ಗಳನ್ನು ಅರ್ಧ ಮುಚ್ಚಿತ್ತು. ಟಾರ್ಚ್ ಹಿಡಿದು ಬಗ್ಗಿ ಎಣಿಸಿದೆ. ಒಂದು, ಎರಡು, ಮೂರು, ನಾಲ್ಕು. ನಾಲ್ಕೂ ತುಂಬಿದೆ. 16 ಜಿಬಿಯ ನಾಲ್ಕು ಸ್ಟಿಕ್. ಮತ್ತೆ ಎಣಿಸಿದೆ. ನಾಲ್ಕೇ. ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು ನೆಲದ ಮೇಲೆ ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. "ಆಮೇಲೆ ಹಾಕಿಸ್ಕೊಳ್ಳಿ" ಅಂದವರು ಹಾಕೋಕೆ ಒಂದು ಜಾಗವನ್ನೂ ಬಿಟ್ಟಿರಲಿಲ್ಲ! ಇನ್ನು ಸೇರಿಸಬೇಕಾದರೆ ಇರುವುದನ್ನೇ ಕಿತ್ತು ಹಾಕಬೇಕು.

ಮುಚ್ಚಳ ಹಾಕಿ ಬಂದು ಇದನ್ನು ಓಡಿಸಿದೆ:

```
sudo dmidecode -t memory | grep -E 'Size|Speed'
```

`Speed: 5600 MT/s` ಅಂತ ಇತ್ತು. ಅದರ ಕೆಳಗೇ `Configured Memory Speed: 3600 MT/s`. ನನ್ನದು ರೈಜೆನ್ 9 7950ಎಕ್ಸ್. ಅದನ್ನು ತಯಾರಿಸಿದವರೇ ಬರೆದಿದ್ದಾರೆ: ಎರಡು ಸ್ಟಿಕ್ ಇದ್ದರೆ 5200, ನಾಲ್ಕು ಇದ್ದರೆ 3600. ಡಿಡಿಆರ್5ನಲ್ಲಿ ನಾಲ್ಕು ಸ್ಲಾಟ್ ತುಂಬಿದರೆ ವೇಗ ಇಳಿಯುವುದು ಮಾಮೂಲಿ ಸಂಗತಿ. ಮಷೀನ್ ಜೋಡಿಸುವುದೇ ಕೆಲಸವಾದವರಿಗೆ ಇದು ಗೊತ್ತಿರಲೇಬೇಕು. ನಾನು 48ರ ಎರಡು ಸ್ಟಿಕ್ ಕೇಳಿದ್ದೇ ಇದಕ್ಕೆ.

ಫೋನ್ ಮಾಡಿದೆ. "64 ಕೇಳಿದ್ರಿ, 64 ಇದೆ ಸರ್. ಎರಡಾದರೇನು, ನಾಲ್ಕಾದರೇನು?" ಅಂದರು. ಸೇರಿಸೋಕೆ ಜಾಗ ಎಲ್ಲಿದೆ ಅಂದೆ. "ನಾಲ್ಕು ಸ್ಟಿಕ್ ಇದ್ದರೆ ಸ್ಪೀಡ್ ಜಾಸ್ತಿ ಅಂತ ಹಾಕಿದ್ವಿ." ಇದು ಸುಳ್ಳು. ಆ ಬೋರ್ಡ್‌ನಲ್ಲಿ ಚಾನೆಲ್ ಇರುವುದು ಎರಡೇ, ಸ್ಟಿಕ್ ನಾಲ್ಕಾದರೆ ಚಾನೆಲ್ ನಾಲ್ಕಾಗುವುದಿಲ್ಲ. 3600 ಅಂತ ತೋರಿಸುತ್ತಿದೆ ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ಬಯಾಸ್‌ನಲ್ಲಿ ಸ್ಪೀಡ್ ಏರಿಸಿ ಸರ್, ಆಗುತ್ತೆ" ಅಂದರು. ಏರಿಸಿದೆ. ಆರು ನಿಮಿಷ ಕಪ್ಪು ಸ್ಕ್ರೀನ್, ಬೂಟ್ ಆದ ಮೇಲೆ ಮೆಮ್‌ಟೆಸ್ಟ್‌ನಲ್ಲಿ ಕೆಂಪು ಸಾಲುಗಳು. ವಾಪಸ್ ಇಳಿಸಿದೆ. ಬದಲಾಯಿಸಿ ಕೊಡಿ ಅಂತ ಕೇಳಿದ್ದಕ್ಕೆ "ಸ್ಲಾಟ್‌ಗೆ ಹಾಕಿದ ಮೇಲೆ ವಾಪಸ್ ಇಲ್ಲ ಸರ್." ಸ್ಲಾಟ್‌ಗೆ ಹಾಕಿದ್ದು ಅವರೇ!

ಎಸ್‌ಎಸ್‌ಡಿ ಕಥೆ ಇನ್ನೂ ಬೇಜಾರು. ಮಧ್ಯಾಹ್ನದ ಹೊತ್ತಿಗೆ ಕುಬರ್ನೆಟಿಸ್ ಒಂದೊಂದು ಸಲ ಉತ್ತರವೇ ಕೊಡುತ್ತಿರಲಿಲ್ಲ. ನನ್ನ ಕಾನ್ಫಿಗರೇಷನ್ ತಪ್ಪಿರಬೇಕು ಅಂತ ಎರಡು ವಾರ ಅದನ್ನೇ ಕೆದಕಿದೆ. ಕೊನೆಗೆ ಕುಬರ್ನೆಟಿಸ್ ತನ್ನ ಮಾಹಿತಿಯನ್ನೆಲ್ಲ ಬರೆದಿಡುವ ಇಟಿಸಿಡಿಯ ಲಾಗ್‌ನಲ್ಲಿ `slow fdatasync` ಅಂತ ಸಾಲು ಸಾಲಾಗಿ ಕಂಡಿತು. ಅಷ್ಟು ಹೊತ್ತು `vmstat 1` ನೋಡುತ್ತಿದ್ದರೂ `wa` ಬರೀ 25 ಅಂತ ನಿರ್ಲಕ್ಷ್ಯ ಮಾಡಿದ್ದೆ. ಅದು 32 ಥ್ರೆಡ್‌ಗಳ ಸರಾಸರಿ. 25 ಅಂದರೆ ಎಂಟು ಥ್ರೆಡ್‌ಗಳಷ್ಟು ಹೊತ್ತು ಡಿಸ್ಕ್‌ಗೇ ಕಾಯುತ್ತಾ ಹೋಗುತ್ತಿದೆ ಅಂತ. ಕೋರ್ ಜಾಸ್ತಿ ಇರುವ ಮಷೀನ್‌ನಲ್ಲಿ ಈ ಸಂಖ್ಯೆ ಚಿಕ್ಕದಾಗಿ ಕಂಡು ಮೋಸ ಮಾಡುತ್ತದೆ.

`lsblk -d -o NAME,MODEL,SIZE` ಕೊಟ್ಟು ಮಾಡೆಲ್ ಹುಡುಕಿದೆ. ಕ್ಯೂಎಲ್‌ಸಿ, ಸ್ವಂತ ಡಿರ‍್ಯಾಮ್ ಇಲ್ಲ. ಅಂದರೆ ಒಂದೊಂದು ಸೆಲ್‌ನಲ್ಲಿ 4 ಬಿಟ್ ತುರುಕುವ ಜಾತಿ. ಬರೆಯೋದು ನಿಧಾನ, ಅದನ್ನು ಮುಚ್ಚಿಡೋಕೆ ಖಾಲಿ ಜಾಗದ ಒಂದು ಪಾಲನ್ನು ವೇಗದ ಕ್ಯಾಶ್ ಥರ ಬಳಸುತ್ತದೆ. ಡಿಸ್ಕ್ ತುಂಬುತ್ತಾ ಬಂದಂತೆ ಆ ಕ್ಯಾಶ್ ಕುಗ್ಗುತ್ತದೆ. ಸುಮಾರು 400 ಜಿಬಿ ಖಾಲಿ ಇದ್ದಾಗ 160 ಜಿಬಿಯ ಒಂದು ವಿಎಂ ಇಮೇಜ್ ಕಾಪಿ ಮಾಡಿ ನೋಡಿದೆ. 100 ಜಿಬಿ ತನಕ ಒಂದೆರಡು ನಿಮಿಷದಲ್ಲಿ ಹೋಯಿತು. ಅಲ್ಲಿಂದ ಸೆಕೆಂಡಿಗೆ 100 ಎಂಬಿ ಆಸುಪಾಸಿಗೆ ಬಿತ್ತು. ಉಳಿದ 60ಕ್ಕೆ ಹತ್ತು ನಿಮಿಷ. ಆ ಹತ್ತು ನಿಮಿಷ ಐದೂ ವಿಎಂ ಉಸಿರು ಕಟ್ಟಿದ ಹಾಗೆ ನಿಂತವು. ಕ್ಲಸ್ಟರ್‌ನ ಮೂರು ನೋಡ್‌ಗಳೂ ಒಂದೇ ಡಿಸ್ಕ್ ಮೇಲಿವೆ, ಇಟಿಸಿಡಿಯ ಪ್ರತಿ ಬರಹವೂ ಅದೇ ಡಿಸ್ಕ್‌ಗೆ ಮೂರು ಸಲ ಬೀಳುತ್ತದೆ. ಅದಕ್ಕೇ ಎರಡನೇ ಎಸ್‌ಎಸ್‌ಡಿ ಕೇಳಿದ್ದೆ.

ಇದಕ್ಕೆ ಅವರ ಉತ್ತರ: "ಬಾಕ್ಸ್ ಮೇಲೆ ಸ್ಪೀಡ್ ಬರೆದಿದೆಯಲ್ಲ ಸರ್, ಅಷ್ಟು ಬರುತ್ತೆ. ನಿಮ್ಮ ಸಾಫ್ಟ್‌ವೇರ್ ನೋಡಿ." ಬಾಕ್ಸ್ ಮೇಲಿನದು ದೊಡ್ಡ ಫೈಲನ್ನು ಒಂದೇ ಸಮನೆ ಓದುವ, ಬರೆಯುವ ವೇಗ. ವಿಎಂಗಳು ಮಾಡೋದು ಸಣ್ಣ ಸಣ್ಣ ಬರಹ, ಪ್ರತಿಯೊಂದಕ್ಕೂ "ಡಿಸ್ಕ್‌ಗೆ ಸೇರಿತಾ" ಅಂತ ಕಾಯುವುದು. ಅದನ್ನು ಅಳೆಯೋಕೆ ಇದು ಸಾಕು:

```
mkdir -p t
fio --name=t --directory=t --rw=write --ioengine=sync \
    --fdatasync=1 --size=22m --bs=2300
```

ಫಲಿತಾಂಶದಲ್ಲಿ `fsync/fdatasync` ಅಂತ ಒಂದು ಭಾಗ ಬರುತ್ತದೆ. ಅದರಲ್ಲಿ `99.00th` ಎದುರಿನ ಸಂಖ್ಯೆ 10 ಮಿಲಿಸೆಕೆಂಡ್‌ಗಿಂತ ಕಡಿಮೆ ಇರಬೇಕು ಅಂತ ಇಟಿಸಿಡಿಯವರೇ ಹೇಳುತ್ತಾರೆ. ಯುನಿಟ್ ನೋಡಿಕೊಳ್ಳಿ, `usec` ಇದ್ದರೆ 10,000. ಕಾಪಿ ನಡೆಯುವಾಗ ನನ್ನದು 38 ಮಿಲಿಸೆಕೆಂಡ್.

ಕಳೆದ ವಾರ ನಾಲ್ಕೂ ಸ್ಟಿಕ್ ಕಿತ್ತು 48ರ ಎರಡು ಹಾಕಿದೆ. ವಿಎಂಗಳಿಗೆ ಅಂತ ಡಿರ‍್ಯಾಮ್ ಇರುವ ಟಿಎಲ್‌ಸಿ ಎಸ್‌ಎಸ್‌ಡಿ ಬೇರೆ ತಂದೆ. ಈಗ ಅದೇ ಕಾಪಿ ನಡೆಯುವಾಗ ಆ ಹೊಸ ಡಿಸ್ಕ್ ಮೇಲೆ ಅಳೆದರೆ 3 ಮಿಲಿಸೆಕೆಂಡ್. `-j32` ಕೊಟ್ಟರೂ ಯಾವ ವಿಎಂ ಸಾಯುತ್ತಿಲ್ಲ. ಎರಡು ಸಲ ದುಡ್ಡು ಕೊಟ್ಟು, ಮೊದಲ ದಿನ ಕೇಳಿದ್ದನ್ನೇ ಕೊನೆಗೆ ನಾನೇ ಮಾಡಿಕೊಂಡೆ.

ನೀವು ಮಾಡಿಸುವಾಗ ಬಿಲ್‌ನಲ್ಲಿ ಸ್ಟಿಕ್ ಎಷ್ಟು, ಎಸ್‌ಎಸ್‌ಡಿ ಮಾಡೆಲ್ ಯಾವುದು ಅಂತ ಬರೆಸಿಕೊಳ್ಳಿ. ಬರೆಯೋಕೆ ಒಪ್ಪದಿದ್ದರೆ ಎದ್ದು ಬನ್ನಿ. ಲಿನಕ್ಸ್ ಇರುವ ಪೆನ್‌ಡ್ರೈವ್ ಜೊತೆಗಿಟ್ಟುಕೊಂಡು ಹೋಗಿ, ದುಡ್ಡು ಕೊಡುವ ಮುಂಚೆ `dmidecode`, `lsblk` ಎರಡನ್ನೂ ಅವರೆದುರಿಗೇ ಓಡಿಸಿ. ಮುಚ್ಚಳ ತೆಗೆಸಿ ನೋಡಿ.

ಮೊನ್ನೆ ಕೊನೆಯ ಸಲ ಮೆಸೇಜ್ ಮಾಡಿದ್ದೆ. "ಮುಂದಿನ ಸಲ ಏನು ಬೇಕು ಅಂತ ಮೊದಲೇ ಸರಿಯಾಗಿ ಹೇಳಿ ಸರ್" ಅಂತ ಉತ್ತರ ಬಂತು. ಅದೇ ಚಾಟ್‌ನಲ್ಲಿ ಮೇಲಕ್ಕೆ ಹೋದರೆ ನಾನು ಕಳಿಸಿದ ಮೊದಲ ಮೆಸೇಜ್ ಇನ್ನೂ ಇದೆ: 12 ಕೋರ್, 48 ಜಿಬಿಯ ಎರಡು ಸ್ಟಿಕ್, ಎರಡು ಎಸ್‌ಎಸ್‌ಡಿ. ಕೆಳಗೆ ಎರಡು ನೀಲಿ ಟಿಕ್.